ಮೂರು ಮರ, ಮೂರು ಜನ: ವರ್ಗಕ ಮತ್ತು ವಚನ



ಕನ್ನಡದಲ್ಲಿ ನಾವು ‘ಮೂರು ಮರ’ ಎನ್ನುತ್ತೇವೆ, ‘ಮೂರು ಹಸು’ ಎನ್ನುತ್ತೇವೆ. ‘ಮೂರು ಹುಡುಗ’ ಎನ್ನುವುದಿಲ್ಲ. ಅಲ್ಲಿ ‘ಮೂವರು ಹುಡುಗರು’ ಎನ್ನಬೇಕು, ಇಲ್ಲವೇ ‘ಮೂರು ಜನ ಹುಡುಗರು’ ಎನ್ನಬೇಕು. ಈ ಎರಡನೆಯ ಪ್ರಯೋಗದಲ್ಲಿ ‘ಜನ’ ಎಂಬ ಪದ ಮಾಡುತ್ತಿರುವ ಕೆಲಸವೇನು? ಹುಡುಗರು ಮನುಷ್ಯರೇ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಎಂಬುದನ್ನು ‘ಮೂರು’ ಹೇಳಿಯಾಗಿದೆ, ಒಬ್ಬರಿಗಿಂತ ಹೆಚ್ಚು ಎಂಬುದನ್ನು ‘ಹುಡುಗರು’ ಎಂಬಲ್ಲಿನ ‘ರು’ ಹೇಳಿಯಾಗಿದೆ. ಆದರೂ ನಡುವೆ ಒಂದು ಪದ ಬಂದು ಕೂತಿದೆ. ಇಂದಿನ ಉಪನ್ಯಾಸ ಈ ನಡುವಿನ ಪದದ ಬಗ್ಗೆ.

ಸಂಖ್ಯಾಪದ ಮತ್ತು ನಾಮಪದದ ನಡುವೆ ನಿಂತು, ಎಣಿಸಲ್ಪಡುವ ವಸ್ತು ಯಾವ ಬಗೆಯದು ಎಂದು ಹೇಳುವ ಪದವನ್ನು ವರ್ಗಕ ಎಂದು ಕರೆಯೋಣ. ಚೀನೀ, ಜಪಾನಿ, ಥಾಯ್, ಬರ್ಮೀ, ವಿಯೆಟ್ನಾಮೀ ಭಾಷೆಗಳಲ್ಲಿ ಇವು ದಿನಬಳಕೆಯ ವ್ಯಾಕರಣ. ನಮ್ಮ ನೆರೆಯ ಬಂಗಾಳಿ, ಅಸ್ಸಾಮಿ ಭಾಷೆಗಳಲ್ಲೂ ಹಾಗೆಯೇ. ಚೀನೀ ಭಾಷೆಯಲ್ಲಿ ಮೂರು ಪುಸ್ತಕ ಎನ್ನಲು ಮೂರು ಎಂಬುದರ ಮುಂದೆ ನೇರವಾಗಿ ಪುಸ್ತಕ ಎಂಬ ಪದ ಹಾಕುವಂತಿಲ್ಲ. ‘ಸಾನ್ ಬೆನ್ ಶು’ ಎನ್ನಬೇಕು. ‘ಸಾನ್’ ಎಂದರೆ ಮೂರು, ‘ಶು’ ಎಂದರೆ ಪುಸ್ತಕ. ನಡುವಿನ ‘ಬೆನ್’ ಪುಸ್ತಕಗಳನ್ನು ಎಣಿಸುವಾಗ ಬರುವ ಪದ. ಅದನ್ನು ಬಿಟ್ಟರೆ ಮಾತು ಮುರಿದಂತೆ ಕೇಳುತ್ತದೆ.

ಇಲ್ಲಿಯೇ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಮ್ಮಲ್ಲೂ ‘ಎರಡು ಸೇರು ಅಕ್ಕಿ’, ‘ನಾಲ್ಕು ಮೊಳ ಮಲ್ಲಿಗೆ’, ‘ಒಂದು ಚಿಪ್ಪು ಬಾಳೆಹಣ್ಣು’, ‘ಎರಡು ಎಸಳು ಬೆಳ್ಳುಳ್ಳಿ’ ಎಂಬ ಮಾತುಗಳಿವೆಯಲ್ಲ, ಅವೂ ವರ್ಗಕಗಳಲ್ಲವೇ ಎಂದು ಕೇಳಬಹುದು. ಅಲ್ಲ. ಅಕ್ಕಿಗೆ ತನ್ನದೇ ಆದ ಎಣಿಕೆಯ ಘಟಕವಿಲ್ಲ. ಸೇರು ಎಂಬ ಪಾತ್ರೆ ಹೊರಗಿನಿಂದ ಬಂದು ಅದನ್ನು ತುಂಡುಮಾಡಿ ಎಣಿಕೆಗೆ ಒದಗಿಸುತ್ತದೆ. ಅದೇ ಅಕ್ಕಿಯನ್ನು ಪಾವಿನಲ್ಲಾದರೂ ಅಳೆಯಬಹುದು, ಹಿಡಿಯಲ್ಲಾದರೂ ಅಳೆಯಬಹುದು, ಪ್ರಮಾಣ ಬದಲಾಗುತ್ತದೆ. ಇವು ಅಳತೆಯ ಪದಗಳು. ವರ್ಗಕ ಹಾಗಲ್ಲ. ಪುಸ್ತಕ ಆಗಲೇ ಒಂದೊಂದಾಗಿ ಬಿಡಿಬಿಡಿಯಾಗಿಯೇ ಇದೆ. ‘ಬೆನ್’ ಅದನ್ನು ತುಂಡು ಮಾಡುವುದಿಲ್ಲ, ಇರುವ ಬಿಡಿತನವನ್ನೇ ಹೆಸರಿಸುತ್ತದೆ. ಚೀನೀ ವ್ಯಾಕರಣಕಾರರು ಇದಕ್ಕೊಂದು ಪರೀಕ್ಷೆ ಇಟ್ಟುಕೊಂಡಿದ್ದಾರೆ. ‘ದ’ ಎಂಬ ಸಂಬಂಧಸೂಚಕ ಅವ್ಯಯವನ್ನು ನಡುವೆ ತೂರಿಸಿ ನೋಡುವುದು. ಎರಡು ಪೌಂಡ್ ಮಾಂಸ ಎಂಬಲ್ಲಿ ಅದು ಸಲೀಸಾಗಿ ತೂರುತ್ತದೆ, ನಾವು ‘ಎರಡು ಸೇರಿನಷ್ಟು ಅಕ್ಕಿ’ ಎನ್ನಬಹುದಾದಂತೆ. ಮೂರು ಬೆನ್ ಪುಸ್ತಕ ಎಂಬಲ್ಲಿ ಸಾಮಾನ್ಯವಾಗಿ ತೂರುವುದಿಲ್ಲ. ಕನ್ನಡದಲ್ಲೂ ‘ಮೂರು ಜನದಷ್ಟು ಹುಡುಗರು’ ಎಂದು ಯಾರೂ ಹೇಳುವುದಿಲ್ಲ.

ಇನ್ನು ಈ ವರ್ಗಕಗಳು ಲೋಕವನ್ನು ವಿಂಗಡಿಸುವುದು ಯಾವ ಗುಣ ನೋಡಿ? ಕೀತ್ ಅಲನ್ 1977ರಲ್ಲಿ ಹಲವು ಭಾಷೆಗಳ ವರ್ಗಕಗಳನ್ನು ಒಟ್ಟಿಗಿಟ್ಟು ನೋಡಿದರು. ವಸ್ತುವಿನ ದ್ರವ್ಯ, ಆಕಾರ, ಗಾತ್ರ, ಅದು ಬಾಗುತ್ತದೆಯೇ ಬಿರುಸಾಗಿದೆಯೇ ಎಂಬುದು, ಹೀಗೆ ಕೆಲವೇ ಕೆಲವು ಗುಣಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಬಣ್ಣ ಎಲ್ಲೂ ಕಾಣಲಿಲ್ಲ. ಕೆಂಪು ವಸ್ತುಗಳಿಗೊಂದು ವರ್ಗಕ, ಹಸಿರಿಗೊಂದು ಎಂಬ ಭಾಷೆ ಇಲ್ಲ. ರುಚಿ, ವಾಸನೆಗಳೂ ಇಲ್ಲ. ಕಣ್ಣಿಗೂ ಕೈಗೂ ಒಟ್ಟಿಗೆ ಸಿಗುವ ಗುಣವೇ ವರ್ಗಕದ ಗುಣ ಎನ್ನಬಹುದು. ಕತ್ತಲಲ್ಲಿ ಮುಟ್ಟಿದರೂ ಕೋಲು ಉದ್ದ, ಹಲಗೆ ಅಗಲ.

ಆದರೆ ವರ್ಗಗಳು ಡಬ್ಬಿಗಳಂತೆ ಮುಚ್ಚಿಕೊಂಡಿರುವುದಿಲ್ಲ. ಚೀನೀ ಭಾಷೆಯ ‘ತಿಯಾವ್’ ಉದ್ದವಾಗಿ ಬಾಗುವ ವಸ್ತುಗಳ ವರ್ಗಕ. ಹಗ್ಗ, ಹಾವು, ಮೀನು, ನದಿ, ರಸ್ತೆ ಇದರಲ್ಲಿ ಬರುತ್ತವೆ. ಪ್ಯಾಂಟೂ ಬರುತ್ತದೆ. ಒಂದು ಸುದ್ದಿ ಎನ್ನುವಾಗಲೂ ಇದೇ ಪದ ಬರುತ್ತದೆ. ಸುದ್ದಿಗೆ ಉದ್ದವೇನು ಬಂತು? ಬರಹದ ಸಾಲು ಸಾಲಾಗಿ ಬರುವ ವಿಷಯವೆಂಬ ದಾರಿ ಹಿಡಿದು ಅದು ಒಳಗೆ ಬಂದಿರಬೇಕು ಎಂದು ತೋರುತ್ತದೆ. ಜಪಾನಿಯ ‘ಹೋನ್’ ಎಂಬ ವರ್ಗಕದ ಕಥೆ ಇನ್ನೂ ಪ್ರಸಿದ್ಧ. ಅದು ಪೆನ್ಸಿಲ್, ಕೊಡೆ, ಮರ, ಬಾಟಲಿಗಳಿಗೆ ಬರುತ್ತದೆ. ಜೊತೆಗೆ ದೂರವಾಣಿ ಕರೆಗೂ, ಚಲನಚಿತ್ರಕ್ಕೂ, ಬೇಸ್‌ಬಾಲ್ ಆಟದ ಹೊಡೆತಕ್ಕೂ ಬರುತ್ತದೆ. ಜಾರ್ಜ್ ಲೇಕಾಫ್ 1987ರ ತಮ್ಮ ಪುಸ್ತಕದಲ್ಲಿ ಇದನ್ನು ಎಳೆ ಎಳೆಯಾಗಿ ಬಿಡಿಸಿದರು. ದಾಂಡು ಉದ್ದ, ಹೊಡೆದ ಚೆಂಡು ಹೋಗುವ ಹಾದಿಯೂ ಒಂದು ಗೆರೆ. ಸಿನಿಮಾ ಒಂದು ಉದ್ದನೆಯ ಸುರುಳಿ, ಕರೆ ತಂತಿಯುದ್ದಕ್ಕೂ ಬಂದದ್ದು. ಚೆಂಡಿಗೆ ಮಾತ್ರ ಹೋನ್ ಇಲ್ಲ, ಅದು ದುಂಡು. ಹೀಗೆ ನಡುವಿನಲ್ಲಿ ಅಪ್ಪಟ ಉದಾಹರಣೆಗಳು, ಅವುಗಳಿಂದ ಹೊರಡುವ ಕೊಂಬೆಗಳು. ಕೊಂಬೆಯ ತುದಿಯಲ್ಲಿರುವುದನ್ನು ಬರಿಯ ಲಕ್ಷಣ ಹೇಳಿ ಊಹಿಸಲಾಗದು. ತಿಳಿದ ಮೇಲೆ ಮಾತ್ರ ಕಾರಣ ಕಾಣುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ಒಂದೇ ಉದಾಹರಣೆಯ ಬಳಿ ನಿಲ್ಲೋಣ. ಆಲ್ಟನ್ ಬೆಕರ್ ಎಂಬ ವಿದ್ವಾಂಸರು 1975ರಲ್ಲಿ ಬರ್ಮೀ ಭಾಷೆಯ ವರ್ಗಕಗಳ ಬಗ್ಗೆ ಬರೆದ ಲೇಖನದಲ್ಲಿ ‘ಒಂದು ನದಿ’ ಎಂಬ ಪುಟ್ಟ ಮಾತನ್ನು ಎತ್ತಿಕೊಂಡರು. ಬರ್ಮೀ ಭಾಷೆಯಲ್ಲಿ ಮೊದಲು ನದಿ ಎಂಬ ಪದ, ಆಮೇಲೆ ಒಂದು, ಕೊನೆಯಲ್ಲಿ ವರ್ಗಕ. ಆ ಕೊನೆಯ ಸ್ಥಾನದಲ್ಲಿ ಹಲವು ಪದಗಳು ಬರಬಹುದು. ಸ್ಥಳವನ್ನು ಸೂಚಿಸುವ ವರ್ಗಕ ಹಾಕಿದರೆ ಅದು ಊಟ ಕಟ್ಟಿಕೊಂಡು ಹೊರಸಂಚಾರಕ್ಕೆ ಹೋಗುವ ನದಿ. ಗೆರೆಯನ್ನು ಸೂಚಿಸುವುದನ್ನು ಹಾಕಿದರೆ ನಕ್ಷೆಯ ಮೇಲಿನ ನದಿ. ಒಂದು ಭಾಗ, ತುಂಡು ಎಂಬುದನ್ನು ಹಾಕಿದರೆ ಮೀನು ಹಿಡಿಯುವ ನದಿ. ಜೋಡಿಸುವ ವಸ್ತುವಿನ ವರ್ಗಕ ಹಾಕಿದರೆ ಎರಡು ಹಳ್ಳಿಗಳನ್ನು ಕೂಡಿಸುವ ನದಿ. ಪೂಜ್ಯ ವಸ್ತುಗಳ ವರ್ಗಕ ಹಾಕಿದರೆ ಅದು ಪುರಾಣದ ನದಿ. ‘ಖು’ ಎಂಬ ಸಾಮಾನ್ಯ ವರ್ಗಕ ಹಾಕಿದರೆ ನದಿಗಳೆಂಬ ವಿಷಯವಾಗಿ ಚರ್ಚೆ ನಡೆಯುತ್ತಿದೆ. ಇವು ಯಾವುವೂ ಬೇಡವೆಂದರೆ ನದಿ ಎಂಬ ಪದವನ್ನೇ ಕೊನೆಯಲ್ಲಿ ಇನ್ನೊಮ್ಮೆ ಹೇಳಿದರಾಯಿತು: ನದಿ ಒಂದು ನದಿ.

ಈ ಉದಾಹರಣೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವರ್ಗಕ ಎಂದರೆ ನಾಮಪದಕ್ಕೆ ಹುಟ್ಟಿನಿಂದ ಅಂಟಿದ ಲಿಂಗದಂಥದ್ದಲ್ಲ. ಸಂಸ್ಕೃತದಲ್ಲಿ ನದೀ ಸ್ತ್ರೀಲಿಂಗ. ನೀವು ಅದರಲ್ಲಿ ಮೀನು ಹಿಡಿದರೂ, ಅದಕ್ಕೆ ಆರತಿ ಎತ್ತಿದರೂ ಲಿಂಗ ಬದಲಾಗುವುದಿಲ್ಲ. ವರ್ಗಕವಾದರೆ ಈ ಹೊತ್ತಿನಲ್ಲಿ, ಈ ಮಾತಿನಲ್ಲಿ ವಸ್ತುವನ್ನು ಯಾವ ಮುಖದಿಂದ ನೋಡುತ್ತಿದ್ದೇವೆ ಎಂದು ಹೇಳಬಲ್ಲದು. ಎಲ್ಲ ನಾಮಪದಗಳಿಗೂ ಇಷ್ಟು ಸ್ವಾತಂತ್ರ್ಯ ಇರುವುದಿಲ್ಲ ಎಂಬುದನ್ನೂ ಸೇರಿಸಬೇಕು. ಥಾಯ್ ಭಾಷೆಯಲ್ಲಿ ಮನುಷ್ಯರಿಗೆ ‘ಖೋನ್’, ಪ್ರಾಣಿಗಳಿಗೆ ‘ತುವಾ’. ದೇಹ ಎಂಬ ಅರ್ಥದ ಈ ‘ತುವಾ’ ನಾಯಿಗೆ ಬರುತ್ತದೆ, ಕಾಲುಗಳಿರುವುದರಿಂದಲೋ ಏನೋ ಮೇಜು ಕುರ್ಚಿಗಳಿಗೂ ಬರುತ್ತದೆ, ಕೈ ಕಾಲುಗಳ ಆಕಾರವಿರುವ ಅಂಗಿ ಪ್ಯಾಂಟುಗಳಿಗೂ ಬರುತ್ತದೆ. ಅಲ್ಲಿ ಮಾತನಾಡುವವರ ಆಯ್ಕೆ ಕಡಿಮೆ, ರೂಢಿಯೇ ಹೆಚ್ಚು.

ಈಗ ವಚನದ ಕಡೆಗೆ ಬರೋಣ. ನನ್ನ ಮುಖ್ಯ ವಾದ ಇರುವುದು ಇಲ್ಲಿಯೇ.

ಜೋಸೆಫ್ ಗ್ರೀನ್‌ಬರ್ಗ್ 1972ರಲ್ಲಿ ಒಂದು ಸಾಮಾನ್ಯೀಕರಣವನ್ನು ಮುಂದಿಟ್ಟರು. ಅದಕ್ಕೆ ಮೇರಿ ಸ್ಯಾಂಚೆಸ್ ಅವರ ಹೆಸರೂ ಸೇರಿದೆ. ಎಣಿಸುವಾಗ ವರ್ಗಕ ಬೇಕೇಬೇಕೆನ್ನುವ ಭಾಷೆಗಳಲ್ಲಿ ನಾಮಪದಕ್ಕೆ ಕಡ್ಡಾಯವಾದ ಬಹುವಚನ ಇರುವುದಿಲ್ಲ ಎಂಬುದೇ ಅದು. ಇದರ ಹಿಂದಿನ ತರ್ಕ ಸರಳವಾಗಿದೆ. ಚೀನೀ ಭಾಷೆಯ ‘ಶು’ ಒಂದು ಪುಸ್ತಕವೂ ಅಲ್ಲ, ಹಲವು ಪುಸ್ತಕಗಳೂ ಅಲ್ಲ. ಪುಸ್ತಕ ಎಂಬ ಬಗೆ, ಅಷ್ಟೆ. ಬಗೆಯನ್ನು ನೇರವಾಗಿ ಎಣಿಸಲಾಗದು, ಬಿಡಿಯಾಗಿಸುವ ಒಂದು ಪದ ಬೇಕು. ಬಹುವಚನ ಪ್ರತ್ಯಯವಿರುವ ಭಾಷೆಯಲ್ಲಿ ನಾಮಪದ ಆಗಲೇ ಬಿಡಿಯಾಗಿರುವುದರಿಂದ ವರ್ಗಕ ಬೇಕಾಗುವುದಿಲ್ಲ. ಎರಡೂ ಒಂದೇ ಕೆಲಸದ ಎರಡು ವಿಧಾನ. ಆದ್ದರಿಂದ ಎರಡೂ ಒಂದೆಡೆ ಇರುವುದಿಲ್ಲ.

ಬಂಗಾಳಿ ಈ ಮಾತಿಗೆ ಒಳ್ಳೆಯ ಸಾಕ್ಷಿ. ಅಲ್ಲಿ ‘ಮೂರು ವಿದ್ಯಾರ್ಥಿಗಳು’ ಎನ್ನಲು ‘ತಿನ್ ಜೋನ್ ಛಾತ್ರೊ’ ಎನ್ನುತ್ತಾರೆ. ಈ ‘ಜೋನ್’ ನಮ್ಮ ‘ಜನ’ದ್ದೇ ಬಂಧು. ‘ಛಾತ್ರೊ’ ಏಕವಚನದಂತೆಯೇ ಉಳಿಯುತ್ತದೆ. ವಿದ್ಯಾರ್ಥಿಗಳು ಎಂಬ ಅರ್ಥದ ‘ಛಾತ್ರೊರಾ’ ಎಂಬ ಬಹುವಚನ ಭಾಷೆಯಲ್ಲಿ ಇದೆ, ಆದರೆ ಎಣಿಕೆಯ ಮುಂದೆ ಅದು ಬರುವುದಿಲ್ಲ. ವಸ್ತುಗಳಿಗೆ ‘ಟಾ’ ಎಂಬ ವರ್ಗಕ, ಬಹುವಚನಕ್ಕೆ ‘ಗುಲೊ’. ಇವೂ ಒಂದನ್ನೊಂದು ಸೇರಿಸಿಕೊಳ್ಳುವುದಿಲ್ಲ. ಚೀನೀ ಭಾಷೆಯಲ್ಲೂ ಮನುಷ್ಯರಿಗೆ ಮಾತ್ರ ಬರುವ ‘ಮೆನ್’ ಎಂಬ ಬಹುವಚನವಿದ್ದು, ಎಣಿಕೆ ಮತ್ತು ವರ್ಗಕ ಬಂದ ಕೂಡಲೇ ಅದು ಜಾಗ ಬಿಡುತ್ತದೆ.

ಈ ಕನ್ನಡಕ ಹಾಕಿಕೊಂಡು ಕನ್ನಡವನ್ನು ನೋಡಿದರೆ ಏನು ಕಾಣಬೇಕು? ವಚನದ ಗುರುತಿಲ್ಲದ ನಾಮಪದಗಳಿಗೆ ವರ್ಗಕ ಬೇಕಾಗಬೇಕು, ವಚನದ ಗುರುತಿರುವ ನಾಮಪದಗಳಿಗೆ ಬೇಡವಾಗಬೇಕು. ಕನ್ನಡದಲ್ಲಿ ಎರಡೂ ಬಗೆಯ ನಾಮಪದಗಳಿರುವುದರಿಂದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ‘ಅಂಗಡಿಯಿಂದ ಪುಸ್ತಕ ತಂದೆ’ ಎಂದರೆ ಒಂದು ತಂದಿರಬಹುದು, ನಾಲ್ಕು ತಂದಿರಬಹುದು. ‘ಹಿತ್ತಿಲಲ್ಲಿ ತೆಂಗಿನಮರ ಇದೆ’ ಎಂದವರ ಹಿತ್ತಿಲಲ್ಲಿ ಹತ್ತು ಮರಗಳಿದ್ದರೆ ಅವರು ಸುಳ್ಳು ಹೇಳಿದಂತಾಗುವುದಿಲ್ಲ. ಮರ, ಪುಸ್ತಕ, ಹಸು ಇವು ಚೀನೀ ಭಾಷೆಯ ‘ಶು’ವಿನಂತೆ ಬಗೆಯನ್ನು ಹೇಳುವ ಪದಗಳು. ‘ಗಳು’ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಆದರೆ ‘ಮನೆಗೆ ಹುಡುಗ ಬಂದಿದ್ದ’ ಎಂದರೆ ಬಂದವನು ಒಬ್ಬನೇ. ‘ಹುಡುಗ’ ಎಂಬ ರೂಪದಲ್ಲಿಯೇ ಗಂಡು ಎಂಬುದೂ ಒಬ್ಬ ಎಂಬುದೂ ಅಡಗಿದೆ. ಹಲವರಾದರೆ ‘ರು’ ಬರಲೇಬೇಕು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣ ಬರೆಯಬಾರದು ಎಂದು ವಾದಿಸುತ್ತ ಬಂದ ಡಿ. ಎನ್. ಶಂಕರ ಭಟ್ಟರ ಬರಹಗಳನ್ನು ಓದಿದವರಿಗೆ, ಕನ್ನಡದಲ್ಲಿ ವಚನವೆಂಬುದು ಎಲ್ಲ ನಾಮಪದಗಳ ಮೇಲೂ ಒಂದೇ ಸಮನೆ ಹರಡಿಲ್ಲ ಎಂಬ ಈ ಮಾತು ಹೊಸದೆನಿಸದು.

ಹಾಗಾದರೆ ನಿರೀಕ್ಷೆಯ ಪ್ರಕಾರ ವರ್ಗಕ ಮರಕ್ಕೆ ಬರಬೇಕಿತ್ತು, ಹುಡುಗರಿಗೆ ಬರಬಾರದಿತ್ತು. ಆಗಿರುವುದು ತದ್ವಿರುದ್ಧ. ‘ಮೂರು ಮರ’ಕ್ಕೆ ನಡುವೆ ಏನೂ ಬೇಡ. ವಚನದ ಗುರುತು ಕಡ್ಡಾಯವಾಗಿರುವ ಮನುಷ್ಯವಾಚಿಗಳಿಗೇ ‘ಜನ’, ‘ಮಂದಿ’ ಬರುತ್ತವೆ. ಬಂದಮೇಲೂ ಬಂಗಾಳಿಯಲ್ಲಿ ಆದಂತೆ ಬಹುವಚನ ಬಿದ್ದುಹೋಗುವುದಿಲ್ಲ. ‘ಮೂರು ಜನ ಹುಡುಗ’ ಎಂದರೆ ಯಾರೂ ಒಪ್ಪುವುದಿಲ್ಲ. ಇವೆರಡರಲ್ಲಿ ಸಡಿಲವಾಗಿರುವುದು ವರ್ಗಕವೇ ಹೊರತು ಬಹುವಚನವಲ್ಲ. ಪತ್ರಿಕೆಯಲ್ಲಿ ‘12 ಕಾರ್ಮಿಕರು’ ಎಂದು ‘ಜನ’ವಿಲ್ಲದೆ ಬರೆಯುತ್ತಾರೆ, ‘12 ಕಾರ್ಮಿಕ’ ಎಂದು ಬರೆಯುವುದಿಲ್ಲ. ಕನ್ನಡದಲ್ಲಿ ವರ್ಗಕ ಕಡ್ಡಾಯವಲ್ಲವಾದ್ದರಿಂದ ಗ್ರೀನ್‌ಬರ್ಗ್ ಹೇಳಿದ್ದು ಅಕ್ಷರಶಃ ಮುರಿದಂತಾಗದು. ಆದರೆ ಆ ಮಾತಿನ ಹಿಂದಿನ ತರ್ಕ, ಎರಡೂ ಒಂದೇ ಕೆಲಸದ ಎರಡು ವಿಧಾನ ಎಂಬುದು, ಇಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಕಾರಣ ಹುಡುಕಲು ‘ಜನ’ಕ್ಕಿಂತ ಹಿಂದೆ ಹೋಗಬೇಕು. ಮನುಷ್ಯರನ್ನು ಎಣಿಸಲು ದ್ರಾವಿಡ ಭಾಷೆಗಳಲ್ಲಿ ಬೇರೆಯೇ ಸಂಖ್ಯಾಪದಗಳಿವೆ. ಕನ್ನಡದ ಇಬ್ಬರು, ಮೂವರು, ನಾಲ್ವರು, ಐವರು ಮತ್ತು ತಮಿಳಿನ ಇರುವರ್, ಮೂವರ್, ನಾಲ್ವರ್, ಐವರ್ ಒಂದೇ ಬೇರಿನವು. ಇವನ್ನು ಸಂಖ್ಯಾಪದ ಎನ್ನುವುದಕ್ಕಿಂತ ಸರ್ವನಾಮದಂಥ ನಾಮಪದ ಎನ್ನುವುದು ಸರಿ. ‘ಮೂವರು’ ಎಂದರೆ ಮೂರು ಎಂಬ ಸಂಖ್ಯೆಯಲ್ಲ, ಮೂರಾಗಿರುವ ಮನುಷ್ಯರು. ‘ಅವರು’ ಎಂಬಲ್ಲಿರುವ ‘ರು’ವೇ ಇಲ್ಲಿಯೂ ಇದೆ. ‘ಮೂವರು ಬಂದರು’ ಎಂದು ಅದೊಂದೇ ನಿಂತು ಕರ್ತೃವಾಗಬಲ್ಲದು. ಹಾಗಾಗಿ ‘ಮೂವರು ಹುಡುಗರು’ ಎಂಬುದು ವಿಶೇಷಣ ಮತ್ತು ವಿಶೇಷ್ಯ ಅಲ್ಲ. ‘ನಾವು ಕನ್ನಡಿಗರು’ ಎಂಬಲ್ಲಿನಂತೆ ಅಕ್ಕಪಕ್ಕ ನಿಂತ ಎರಡು ನಾಮಪದಗಳು. ಎರಡೂ ಅದೇ ಮನುಷ್ಯರನ್ನು ಕುರಿತವು, ಎರಡೂ ತಂತಮ್ಮ ಬಹುವಚನವನ್ನು ಹೊತ್ತೇ ಬರುತ್ತವೆ.

ಈ ರೂಪ ಒಂದು ಕಾಲಕ್ಕೆ ಐದರಲ್ಲಿ ನಿಲ್ಲುತ್ತಿರಲಿಲ್ಲ. ಹಳಗನ್ನಡ ಶಾಸನಗಳನ್ನು ಓದಿದವರಿಗೆ ಅಯ್ಯಾವೊಳೆಯ ಐನೂರ್ವರು ಗೊತ್ತು, ಐಹೊಳೆಯ ಹೆಸರಿನಲ್ಲಿ ದೇಶ ವಿದೇಶಗಳಲ್ಲಿ ವ್ಯಾಪಾರ ನಡೆಸಿದ ವರ್ತಕರ ಸಂಘ. ಅಗ್ರಹಾರಗಳ ಮಹಾಜನರನ್ನು ಹೆಸರಿಸುವಾಗ ಇನ್ನೂರ್ವರ್, ಸಾಸಿರ್ವರ್ ಎಂಬ ಪದಗಳು ಬರುತ್ತವೆ. ಕೌರವರು ನೂರ್ವರು. ಅಂದರೆ ‘ವರ್’ ಯಾವ ಸಂಖ್ಯೆಗೆ ಬೇಕಾದರೂ ಹತ್ತಬಲ್ಲ ಪ್ರತ್ಯಯವಾಗಿತ್ತು. ಕಾಲಕ್ರಮದಲ್ಲಿ ಆ ಶಕ್ತಿ ಕುಗ್ಗಿ, ಇಂದಿನ ಆಡುಮಾತಿನಲ್ಲಿ ಅದು ಐದರ ಆಚೆ ದಾಟುವುದು ಕಷ್ಟ. ಇಬ್ಬರು, ಮೂವರು ಎಂದವರು ಆರಕ್ಕೆ ಬಂದಾಗ ‘ಆರು ಜನ’ ಎನ್ನುತ್ತಾರೆ. ‘ವರ್’ ಬಿಟ್ಟ ಜಾಗವನ್ನು ‘ಜನ’ವೂ ‘ಮಂದಿ’ಯೂ ತುಂಬಿದವು ಎಂಬುದು ನನ್ನ ವಾದ. ತಮಿಳಿನಲ್ಲಿ ಅದೇ ಜಾಗಕ್ಕೆ ಬಂದದ್ದು ‘ಪೇರ್’, ಅಂದರೆ ಹೆಸರು. ಹೆಸರಿರುವವರು ಮನುಷ್ಯರು ಎಂಬ ಲೆಕ್ಕ ಅಲ್ಲಿಯದು, ಸೊಗಸಾದ ಲೆಕ್ಕ. ಹೀಗೆ ‘ಮೂರು ಜನ’ ಎಂಬುದು ‘ಮೂವರು’ ಎಂಬುದರ ಬಿಡಿಸಿ ಹೇಳಿದ ರೂಪ. ಅದರ ಜೊತೆಗಿನ ನಾಮಪದ ಹಳೆಯ ಪದ್ಧತಿಯಂತೆಯೇ ಬಹುವಚನದಲ್ಲಿ ಉಳಿದಿದೆ.

ಮರ್ರೆ ಎಮೆನೋ 1956ರಲ್ಲಿ ಭಾರತವನ್ನು ಒಂದು ಭಾಷಾಕ್ಷೇತ್ರವೆಂದು ಕರೆದಾಗ ಅವರು ತೋರಿಸಿದ ಸಮಾನ ಲಕ್ಷಣಗಳಲ್ಲಿ ವರ್ಗಕಗಳೂ ಒಂದು. ಇಂಡೋ-ಆರ್ಯನ್ ಭಾಷೆಗಳಿಂದ ದ್ರಾವಿಡಕ್ಕೆ ಈ ಪದ್ಧತಿ ಹರಿದು ಬಂದ ಚಿತ್ರ ಅವರದು. ರಾಜಮಹಲ್ ಬೆಟ್ಟಗಳ ಮಾಲ್ತೊ ಭಾಷೆಯಂಥ ಉತ್ತರದ ದ್ರಾವಿಡ ಭಾಷೆಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಕನ್ನಡದ ‘ಜನ’ ಪದವಾಗಿ ಎರವಲು ನಿಜ. ಅದು ಕೂತಿರುವ ಪೀಠ ಮಾತ್ರ ಎರವಲಲ್ಲ.

ಈ ಪೀಠಕ್ಕೆ ಅರ್ಹತೆ ಯಾವುದು ಎಂಬುದನ್ನು ಎರಡು ಸಣ್ಣ ಪ್ರಯೋಗಗಳಲ್ಲಿ ನೋಡಬಹುದು. ‘ಗದ್ದೆ ನಾಟಿಗೆ ಹತ್ತು ಆಳು ಬೇಕು’ ಎನ್ನುತ್ತಾರೆ ರೈತರು. ಆಳು ಮನುಷ್ಯರೇ, ಆದರೂ ಇಲ್ಲಿ ಜನವೂ ಇಲ್ಲ, ಬಹುವಚನವೂ ಇಲ್ಲ. ಕಾರಣ, ಎಣಿಸುತ್ತಿರುವುದು ವ್ಯಕ್ತಿಗಳನ್ನಲ್ಲ, ಒಂದು ದಿನದ ದುಡಿಮೆಯನ್ನು. ಅದು ಅಳತೆಯ ಪದವಾಗಿಬಿಟ್ಟಿದೆ. ಇನ್ನೊಂದು ‘ಮಗು’. ‘ಮಗು ಅತ್ತಿತು’ ಎನ್ನುವ ನಾವು ‘ಒಂದು ಮಗು’ ಎನ್ನುತ್ತೇವೆ, ‘ಒಬ್ಬ ಮಗು’ ಎನ್ನುವುದಿಲ್ಲ. ಎರಡಾದಾಗ ‘ಇಬ್ಬರು ಮಕ್ಕಳು’ ಎಂಬುದೂ ಉಂಟು, ‘ಎರಡು ಮಕ್ಕಳ ತಾಯಿ’ ಎಂಬುದೂ ಉಂಟು. ನಪುಂಸಕದಿಂದ ಮನುಷ್ಯವರ್ಗಕ್ಕೆ ದಾಟುವ ಹೊಸ್ತಿಲಲ್ಲಿ ಮಗು ನಿಂತಿದೆ, ಸಂಖ್ಯಾಪದವೂ ಅಲ್ಲಿಯೇ ತೂಗಾಡುತ್ತಿದೆ. ಎರಡು ಕಡೆಯೂ ನಿರ್ಣಯ ಮಾಡುತ್ತಿರುವುದು ಎಣಿಸಲು ಬರುತ್ತದೆಯೇ ಎಂಬ ಪ್ರಶ್ನೆಯಲ್ಲ, ವ್ಯಕ್ತಿಯೆಂದು ಗಣಿಸುತ್ತೇವೆಯೇ ಎಂಬ ಪ್ರಶ್ನೆ.

ಕೊನೆಯದಾಗಿ, ಈ ವಾದಕ್ಕೆ ಎದುರಾಗಿ ನಿಲ್ಲಬಹುದಾದ ಒಂದು ಸಾಕ್ಷ್ಯವನ್ನು ಪರಿಶೀಲಿಸಬೇಕು. ಅಲನ್ ಬೇಲ್ ಮತ್ತು ಜೆಸಿಕಾ ಕೂನ್ 2014ರಲ್ಲಿ ಎರಡು ಅಮೆರಿಕನ್ ಮೂಲನಿವಾಸಿ ಭಾಷೆಗಳನ್ನು ಮುಂದಿಟ್ಟು, ವರ್ಗಕ ಬೇಕಿರುವುದು ನಾಮಪದಕ್ಕಲ್ಲ, ಸಂಖ್ಯಾಪದಕ್ಕೆ ಎಂದು ವಾದಿಸಿದರು. ಕೆನಡಾದ ಪೂರ್ವಭಾಗದ ಮಿಗ್ಮಾಕ್ ಭಾಷೆಯಲ್ಲಿ ಒಂದರಿಂದ ಐದರವರೆಗಿನ ಸಂಖ್ಯೆಗಳಿಗೆ ವರ್ಗಕ ಬರುವುದಿಲ್ಲ, ಆರರಿಂದ ಮುಂದೆ ಬರುತ್ತದೆ. ಮೆಕ್ಸಿಕೊದ ಚೋಲ್ ಭಾಷೆಯಲ್ಲಿ ದೇಸಿ ಸಂಖ್ಯಾಪದಗಳಿಗೆ ವರ್ಗಕ ಬೇಕೇಬೇಕು. ಸ್ಪ್ಯಾನಿಷ್‌ನಿಂದ ಎರವಲು ಬಂದ ಸಂಖ್ಯಾಪದಗಳಿಗೆ ಬರುವಂತೆಯೇ ಇಲ್ಲ. ಎಣಿಸುವ ವಸ್ತು ಒಂದೇ ಇದ್ದರೂ ಸಂಖ್ಯಾಪದ ಬದಲಾದಂತೆ ವರ್ಗಕ ಬರುತ್ತದೆ, ಹೋಗುತ್ತದೆ. ನಾಮಪದದ ಕೊರತೆಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಐದು ಮತ್ತು ಆರರ ನಡುವಿನ ಗಡಿ ನಮಗೆ ಪರಿಚಿತವೇ. ಐವರು ಮುಗಿದು ‘ಆರು ಜನ’ ಶುರುವಾಗುವ ಕನ್ನಡದ ಗಡಿಯೂ ಅದೇ. ಹಾಗಾದರೆ ಕನ್ನಡದಲ್ಲೂ ‘ಜನ’ ಸಂಖ್ಯಾಪದದ ಬೇಡಿಕೆಯೇ? ಮೇಲುನೋಟಕ್ಕೆ ಹೌದೆನಿಸುತ್ತದೆ. ‘ಪಂಚಪಾಂಡವರು’, ‘ಸಪ್ತರ್ಷಿಗಳು’ ಎಂಬಲ್ಲಿ ಸಂಸ್ಕೃತ ಸಂಖ್ಯೆ ಬಂದಾಗ ‘ಜನ’ ಬರುವುದಿಲ್ಲವೆಂಬುದನ್ನೂ ಯಾರಾದರೂ ಎತ್ತಬಹುದು. ಆದರೆ ಅವು ಸಮಾಸಗಳು. ಸಮಾಸದ ಒಳಗೆ ಹೊಸ ಪದ ತೂರುವ ಜಾಗವೇ ಇರುವುದಿಲ್ಲ, ಆದ್ದರಿಂದ ಆ ಸಾಕ್ಷ್ಯ ಯಾವ ಕಡೆಗೂ ಸಲ್ಲದು. ಐದು ಆರರ ಗಡಿಯೂ ಯಾವ ರೂಪ ಎಂಬುದರ ಗಡಿ, ಬೇಕೇ ಬೇಡವೇ ಎಂಬುದರ ಗಡಿಯಲ್ಲ. ಗಡಿಯ ಈಚೆಗೆ ‘ವರು’ ಪ್ರತ್ಯಯವಾಗಿ ಅಂಟಿಕೊಂಡು ಹೇಳುವುದನ್ನೇ ಆಚೆಗೆ ‘ಜನ’ ಬಿಡಿಪದವಾಗಿ ಹೇಳುತ್ತದೆ.

ನಿಜವಾದ ಪರೀಕ್ಷೆ ಎಂದರೆ ಚೋಲ್ ಮಾತಿನಂತೆ ನಾವೂ ಸಂಖ್ಯಾಪದವನ್ನೇ ಎರವಲು ತಂದಾಗ ಏನಾಗುತ್ತದೆ ಎಂದು ನೋಡುವುದು. ಅದಕ್ಕೆ ಮೆಕ್ಸಿಕೊದವರೆಗೆ ಹೋಗಬೇಕಾಗಿಲ್ಲ, ಬೆಂಗಳೂರಿನ ಯಾವ ಹೋಟೆಲಿನ ಬಾಗಿಲಲ್ಲಾದರೂ ನಿಂತರೆ ಸಾಕು. ‘ಎಷ್ಟು ಜನ ಸಾರ್?’ ಎಂಬ ಪ್ರಶ್ನೆಗೆ ಬರುವ ಉತ್ತರ ‘ಫೈವ್ ಮೆಂಬರ್ಸ್’. ಯಾವ ಸಂಘಕ್ಕೆ ಮೆಂಬರ್ ಎಂದು ಯಾರೂ ಕೇಳುವುದಿಲ್ಲ. ಬಂದ ಬೈಕುಗಳನ್ನು ಹೇಳುವಾಗ ಅದೇ ಮನುಷ್ಯ ‘ತ್ರೀ ಬೈಕ್’ ಎನ್ನುತ್ತಾನೆ, ನಡುವೆ ಏನನ್ನೂ ಹಾಕುವುದಿಲ್ಲ, ಬಹುವಚನವನ್ನೂ ಹಾಕುವುದಿಲ್ಲ. ಸಂಖ್ಯಾಪದ ಇಂಗ್ಲಿಷಿನದು, ವರ್ಗಕವೂ ಇಂಗ್ಲಿಷಿನ ಪದವೇ, ಕೊನೆಯ ‘ಸ್’ ಕೂಡ ಅಲ್ಲಿಯದೇ. ಅವು ಕೂತಿರುವ ಕ್ರಮ ಮಾತ್ರ ಐನೂರ್ವರ ಕಾಲದ್ದು.